ಹಾರಿ ಓದಿದ ಬದಲಾವಣೆ ಪಟ್ಟಿ

ಶುಕ್ರವಾರ ಮಧ್ಯಾಹ್ನ ಮೂರೂವರೆ ಎಂದು ಬರೆದೆ. ಅಳಿಸಿದೆ. ಮತ್ತೆ ಅದನ್ನೇ ಬರೆದೆ. ಇದು ಗಡಿಯಾರ ನೋಡಿದ ನೆನಪಲ್ಲ, ನಾನು ಗಡಿಯಾರ ನೋಡುವವನೂ ಅಲ್ಲ. ಹನ್ನೊಂದನೆಯ ವಯಸ್ಸಿಗೆ ನನ್ನ ದೃಷ್ಟಿ ಪೂರ್ತಿ ಹೋಯಿತು. ಪೀತಮ್‌ಪುರದ ಮಾರ್ಕೆಟ್ಟಿನ ಆ ಹೋಟೆಲಿನಲ್ಲಿ ಊಟದವರು ಎದ್ದು ಹೋಗಿ ಕಾಫಿಯವರು ಇನ್ನೂ ಬಾರದ ಹೊತ್ತೆಂದರೆ ಅದೇ. ಒಳಗೆ ಮರುದಿನದ ಹಿಟ್ಟಿಗೆ ಗ್ರೈಂಡರ್ ತಿರುಗುತ್ತಿತ್ತು. ಪ್ಲಗ್ ಇರುವ ಗೋಡೆಯ ಪಕ್ಕದ ಮೇಜಿನಲ್ಲಿ ಕೂತು ನಾನು ಒಂದು ತಪ್ಪು ಮಾಡಿದೆ. ಆ ತಪ್ಪನ್ನು ಈಗ ಒಂದೇ ವಾಕ್ಯದಲ್ಲಿ ಹೇಳಬಲ್ಲೆ. ಅಷ್ಟು ಸಲೀಸಾಗಿ ಹೇಳಲು ಬರುತ್ತದೆ ಎನ್ನುವುದೇ ನನಗೆ ಸರಿಬರುತ್ತಿಲ್ಲ.

ಮೇಜಿನ ಆಚೆ ಬದಿಗೆ ಹೋಟೆಲಿನವರ ಮಗಳು ಕೂತಿದ್ದಳು. ಇಪ್ಪತ್ತನಾಲ್ಕು ವರ್ಷ. ಅವಳಿಗೂ ಕಾಣುವುದಿಲ್ಲ, ಕಾಲೇಜಿನ ಮೊದಲ ವರ್ಷದಿಂದ. ಅಪ್ಪ ಉಡುಪಿಯ ಕಡೆಯವರು, ಮಗಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡದಲ್ಲಿ ಶುರು ಮಾಡಿದ ಮಾತು ಅವಳ ಬಾಯಲ್ಲಿ ಹಿಂದಿಗೆ ಹೊರಳಿ ಇಂಗ್ಲಿಷಿನಲ್ಲಿ ಮುಗಿಯುತ್ತದೆ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಗುರುಗ್ರಾಮದ ಒಂದು ಆಫೀಸಿನಲ್ಲಿ ಅವಳಿಗೆ ಕೆಲಸದ ಪರೀಕ್ಷೆ ಇತ್ತು. ಅವಳದೇ ಲ್ಯಾಪ್‌ಟಾಪಿನಲ್ಲಿ, ಸ್ಪ್ರೆಡ್‌ಶೀಟಿನಲ್ಲಿ: ಸಾಮಾನುಗಳ ಕೋಡುಗಳ ಎರಡು ಪಟ್ಟಿ ಕೊಡುತ್ತಾರೆ, ಫಿಲ್ಟರ್ ಹಾಕಿ, ಒಂದಕ್ಕೊಂದು ಹೋಲಿಸಿ, ಹೊಂದದವನ್ನು ಗುರುತು ಮಾಡಬೇಕು. ಎರಡು ವರ್ಷದಲ್ಲಿ ಅವಳಿಗೆ ಸಿಕ್ಕ ಮೊದಲ ಕರೆ ಅದು. ಉಳಿದವರೆಲ್ಲ ಅರ್ಜಿಯಲ್ಲಿ ಒಂದು ಕಾಲಂ ನೋಡಿಯೇ ಸುಮ್ಮನಾಗಿದ್ದರು.

ಈ ಕೆಲಸಕ್ಕೆ ಅವಳಿಗೆ ಎರಡು ಬೇಕು. ಒಂದು ಸ್ಕ್ರೀನ್ ರೀಡರ್, ಪರದೆಯಲ್ಲಿರುವುದನ್ನು ಮಾತಾಗಿ ಹೇಳುವ ತಂತ್ರಾಂಶ. ನಾವೆಲ್ಲ ಅದನ್ನು ನಂಬಿಯೇ ಬದುಕುವುದು. ಇನ್ನೊಂದು ಬ್ರೈಲ್ ಡಿಸ್‌ಪ್ಲೇ, ಕೀಬೋರ್ಡಿನ ಮುಂದೆ ಇಡುವ ಒಂದು ಉದ್ದನೆಯ ಪಟ್ಟಿ. ಪರದೆಯ ಸಾಲು ಅದರ ಮೇಲೆ ಸಣ್ಣ ಸಣ್ಣ ಚುಕ್ಕೆಗಳಾಗಿ ಎದ್ದು ಬರುತ್ತದೆ, ಬೆರಳಿನಲ್ಲಿ ಓದಬೇಕು. ಕತೆ ಓದಲು ಕಿವಿ ಸಾಕು. ಕೋಡಿಗೆ ಸಾಲದು. ಬೀ, ಡೀ, ಪೀ, ವೀ ಎಂದು ಯಂತ್ರ ವೇಗವಾಗಿ ಒದರುವಾಗ ಯಾವುದು ಯಾವುದೆಂದು ಎಂಬತ್ತು ಸಾಲಿನವರೆಗೆ ಕಿವಿ ತಾಳುವುದಿಲ್ಲ. ಬೆರಳು ತಾಳುತ್ತದೆ. ಅವಳ ಪಟ್ಟಿ ಹಳೆಯದು, ಯಾರೋ ಬಳಸಿ ಕೊಟ್ಟದ್ದು.

ನಮ್ಮದೊಂದು ಗುಂಪಿದೆ, ಹನ್ನೆರಡು ಮಂದಿ. ನೋಯ್ಡಾ, ರೋಹಿಣಿ, ಹೌಜ್ ಖಾಸ್, ಎಲ್ಲೆಲ್ಲಿಂದಲೋ. ಅರ್ಧ ಕನ್ನಡದವರು, ಅರ್ಧ ಇಲ್ಲಿಯವರೇ. ಸ್ಕ್ರೀನ್ ರೀಡರಿನ ಹೊಸ ಆವೃತ್ತಿ ಬಂದಾಗಲೆಲ್ಲ ಅದರ ರಿಲೀಸ್ ನೋಟ್ಸ್, ಅಂದರೆ ಏನೇನು ಬದಲಾಗಿದೆ ಎಂಬ ಪಟ್ಟಿ, ಓದಿ ತೀರ್ಪು ಕೊಡುವ ಕೆಲಸ ನನ್ನದು. ಯಾರೂ ಒಪ್ಪಿಸಿದ್ದಲ್ಲ, ನಾನೇ ಹಿಡಿದುಕೊಂಡದ್ದು. ನಮ್ಮ ಬಳಕೆಗೆ ಏನಾದರೂ ಇದೆಯೇ, ಇದ್ದರೆ ಏನು, ಹಾಕಿಕೊಂಡರೆ ಯಾವುದು ಕೆಡುತ್ತದೆ. ಒಂದು ನಿಮಿಷದ ಧ್ವನಿಸಂದೇಶ, ಕೊನೆಗೆ ಮೂರರಲ್ಲಿ ಒಂದು ಮಾತು: ಬೇಕು, ಬೇಡ, ಕಾಯಿರಿ. ಹಿಂದಿಯವರಿಗೆ, ಲೇ ಲೋ, ಮತ್ ಲೋ, ರುಕೋ. ಅಪ್‌ಡೇಟ್ ಹಾಕಿದ ಕೂಡಲೇ ಯಂತ್ರ ಮೂಕವಾದರೆ ಕಣ್ಣಿದ್ದವರು ಪರದೆ ನೋಡಿ ಸರಿಮಾಡಿಕೊಳ್ಳುತ್ತಾರೆ. ನಮಗೆ ಸರಿಮಾಡಲು ಬೇಕಾದದ್ದೂ ಆ ಮೂಕವಾದದ್ದೇ. ಹಾಗಾಗಿ ನನ್ನ ಮಾತು ನಡೆಯುತ್ತಿತ್ತು. ಅದು ನನಗೆ ಇಷ್ಟವೂ ಆಗುತ್ತಿತ್ತು, ಬೇಕಾದ್ದಕ್ಕಿಂತ ಹೆಚ್ಚು.

ನಾನು ಓದುವ ರೀತಿ ಹೇಳಬೇಕು. ಕಾಣುವವರು ಪುಟದ ಮೇಲೆ ಕಣ್ಣಾಡಿಸುತ್ತಾರಂತೆ. ನಾವು ಕಣ್ಣಾಡಿಸುವುದೆಂದರೆ ಎಚ್ ಕೀ ಒತ್ತುವುದು. ಒಂದು ಸಲ ಒತ್ತಿದರೆ ಮುಂದಿನ ಶೀರ್ಷಿಕೆಗೆ ಹಾರುತ್ತದೆ. ‘ಹೊಸ ಸೌಲಭ್ಯಗಳು’, ಎಚ್, ‘ಬದಲಾವಣೆಗಳು’, ಎಚ್, ‘ಸರಿಪಡಿಸಿದ ದೋಷಗಳು’, ಎಚ್, ‘ಡೆವಲಪರ್‌ಗಳಿಗೆ’. ಕೊನೆಯದು ನಮಗಲ್ಲ, ಬಿಟ್ಟುಬಿಡಬಹುದು. ಉಳಿದವುಗಳ ಒಳಗಿನ ಸಾಲುಗಳನ್ನು ಬಾಣದ ಕೀಯಿಂದ ಇಳಿಯುತ್ತ ಕೇಳಬಹುದು. ಬೇರೆಯವರಿಗೆ ಗಿಜಿಗಿಜಿ ಎನಿಸುವಷ್ಟು ವೇಗದಲ್ಲಿ ನಾನು ಕೇಳುತ್ತೇನೆ. ಎಂಟು ನಿಮಿಷದಲ್ಲಿ ಒಂದು ಆವೃತ್ತಿ ಮುಗಿಯುತ್ತದೆ.

ಆ ಶುಕ್ರವಾರವೂ ಎಂಟೇ ನಿಮಿಷ.

“ಅಂಕಲ್, ಮಿಲಾ ಕುಛ್?” ಎಂದಳು ಅವಳು.

ಸಿಕ್ಕಿತ್ತು. ಸರಿಪಡಿಸಿದ ದೋಷಗಳ ಪಟ್ಟಿಯಲ್ಲಿ, ಹನ್ನೊಂದನೆಯದೋ ಹನ್ನೆರಡನೆಯದೋ: ಸ್ಪ್ರೆಡ್‌ಶೀಟಿನ ಹೊಸ ಆವೃತ್ತಿಯಲ್ಲಿ ಫಿಲ್ಟರ್ ಹಾಕಿದ ಮೇಲೂ ಮರೆಯಾದ ಸಾಲುಗಳನ್ನು ಓದುತ್ತಿದ್ದ ತೊಂದರೆ ಹೋಗಿದೆ. ಅವಳನ್ನು ಎರಡು ವಾರದಿಂದ ಕಾಡುತ್ತಿದ್ದದ್ದು ಅದೇ. ಫಿಲ್ಟರ್ ಹಾಕಿ ಹತ್ತು ಸಾಲು ಉಳಿಸಿಕೊಂಡರೆ ಯಂತ್ರ ನೂರನ್ನೂ ಓದುತ್ತಿತ್ತು. ಪರೀಕ್ಷೆಯಲ್ಲಿ ಹಾಗಾದರೆ ಗಂಟೆಯೊಳಗೆ ಮುಗಿಸುವ ಪ್ರಶ್ನೆಯೇ ಇಲ್ಲ.

“ನಿನಗೋಸ್ಕರವೇ ಬರೆದ ಹಾಗಿದೆ,” ಎಂದೆ. “ಬೇಕು. ಹಾಕ್ಕೋ.”

“ಬ್ರೈಲ್‌ಗೆ ಏನೂ ಆಗಲ್ಲ ಅಲ್ವಾ? ಮತ್ಲಬ್, ಸೋಮವಾರ ಇದೆ.”

“ಬ್ರೈಲ್ ಬಗ್ಗೆ ಎರಡು ಸಾಲು ಇದೆ. ಎರಡೂ ಒಳ್ಳೇದೇ.”

ಕೌಂಟರಿನಿಂದ ಅವಳ ಅಪ್ಪ ಕೂಗಿದರು. “ಮಾರಾಯ್ರೇ, ನೀವು ಹೇಳಿದ್ರೆ ಆಯ್ತು. ಅವಳು ನನ್ನ ಮಾತು ಕೇಳೂದಿಲ್ಲ, ನಿಮ್ಮದು ಕೇಳ್ತಾಳೆ.”

“ಪಪ್ಪಾ, ನೀವು ಅಪ್‌ಡೇಟ್ ಬಗ್ಗೆ ಏನು ಹೇಳಿದ್ದೀರಿ ಯಾವತ್ತು?”

“ಫೋನಲ್ಲಿ ಬರ್ತದಲ್ಲ, ಎಲ್ಲದಕ್ಕೂ ಬೇಡ ಅಂತ ಒತ್ತು ಅಂತ ಹೇಳಿದ್ದೇನೆ.”

ನಾವೆಲ್ಲ ನಕ್ಕೆವು. ನಕ್ಕದ್ದು ನನಗೆ ಚೆನ್ನಾಗಿ ನೆನಪಿದೆ. ಅಂಥವು ಹೇಗೂ ಉಳಿಯುತ್ತವೆ.

ಶನಿವಾರ ಬೆಳಿಗ್ಗೆ ಅವಳು ಅಪ್‌ಡೇಟ್ ಹಾಕಿದಳು. ಮಾತು ಬಂತು. ಫಿಲ್ಟರ್ ಸರಿಯಾಗಿತ್ತು. ಬ್ರೈಲ್ ಪಟ್ಟಿ ಸತ್ತಿತ್ತು. ಚುಕ್ಕೆಗಳೆಲ್ಲ ಒಳಗೆ ಕೂತು ಮೇಲ್ಮೈ ನುಣ್ಣಗಾಗಿತ್ತು. ಫೋನ್ ಮಾಡಿದವರು ಅವಳ ಅಪ್ಪ, ಹಿಂದಿನಿಂದ ಅವಳ ದನಿ.

ಇಲ್ಲಿಂದ ಮುಂದೆ ನನ್ನ ನೆನಪು ಒಂದು ಹೇಳುತ್ತದೆ, ಫೋನಿನಲ್ಲಿ ಉಳಿದಿರುವ ಧ್ವನಿಸಂದೇಶಗಳು ಬೇರೆ ಹೇಳುತ್ತವೆ. ನೆನಪಿನ ಪ್ರಕಾರ ನಾನು ಕೂಡಲೇ, “ನನ್ನ ತಪ್ಪಿರಬಹುದು, ನೋಟ್ಸ್ ಮತ್ತೆ ನೋಡುತ್ತೇನೆ,” ಎಂದೆ. ಇದನ್ನು ಬರೆಯುವ ಮೊದಲು ಆ ಸಂದೇಶಗಳನ್ನು ತೆಗೆದು ಕೇಳಿದೆ. ಶನಿವಾರ ಒಂಬತ್ತೂ ಕಾಲಿಗೆ ನನ್ನ ದನಿ, ಗಟ್ಟಿಯಾಗಿ, ತುಸು ಬೇಸರದಲ್ಲಿ: “ಕೇಬಲ್ ಹೋಗಿರಬೇಕು. ಹಳೇ ಪಟ್ಟಿ ಅಲ್ವಾ. ಇದಕ್ಕೂ ಅಪ್‌ಡೇಟಿಗೂ ಸಂಬಂಧ ಇಲ್ಲ, ನಾನು ಓದಿದ್ದೀನಿ.”

ನಾನು ಓದಿದ್ದೀನಿ. ಅದನ್ನು ಮೂರು ಸಲ ಕೇಳಿದೆ. ನನ್ನದೇ ದನಿ. ಅನುಮಾನದ ಒಂದು ಎಳೆಯೂ ಇಲ್ಲ.

ಅದರ ಕೆಳಗೆ ಅವಳ ಉತ್ತರ: “ಅಂಕಲ್, ಆನ್ ಮಾಡಿದಾಗ ಅದರ ಹೆಸರು ಬರುತ್ತೆ ಚುಕ್ಕೆಯಲ್ಲಿ. ಎರಡು ಸೆಕೆಂಡ್. ಆಮೇಲೆ ಖಾಲಿ. ಕೇಬಲ್ ಹೋಗಿದ್ರೆ ಹೆಸರು ಬರುತ್ತಾ?”

ಬರುತ್ತದೆ, ಬರಬಹುದು, ಪಟ್ಟಿಯ ಒಳಗೇ ಬ್ಯಾಟರಿ ಇದೆ. ಆದರೆ ಅವಳು ಕೇಳಿದ್ದರ ತಿರುಳು ಅದಲ್ಲ. ಹೆಸರು ಎದ್ದು ಬರುತ್ತದೆ ಎಂದರೆ ಚುಕ್ಕೆಗಳು ಜೀವಂತ, ಪಟ್ಟಿ ಕೆಟ್ಟಿಲ್ಲ. ಕಂಪ್ಯೂಟರಿನ ಕಡೆಯಿಂದ ಯಾರೂ ಅದನ್ನು ಮಾತನಾಡಿಸುತ್ತಿಲ್ಲ, ಅಷ್ಟೇ. ಕೇಬಲ್ ಇರಬಹುದು, ಅಥವಾ ತಂತ್ರಾಂಶ. ನಾನು ಕೇಬಲ್ಲನ್ನೇ ಹಿಡಿದುಕೊಂಡೆ, ಇನ್ನೊಂದಾದರೆ ತಪ್ಪು ನನ್ನದಾಗುತ್ತಿತ್ತು.

ಅವಳ ಅಪ್ಪ ಶನಿವಾರದ ಜನ ತುಂಬುವ ಹೋಟೆಲನ್ನು ಹೆಂಡತಿಗೆ ಒಪ್ಪಿಸಿ ಕಂಪ್ಯೂಟರ್ ಅಂಗಡಿಗಳ ನೆಹರೂ ಪ್ಲೇಸಿಗೆ ಹೋದರು. ಮೆಟ್ರೋ ಬದಲಿಸಿ, ಬಿಸಿಲಿನಲ್ಲಿ ನಡೆದು, ಅಂಗಡಿ ಅಂಗಡಿಗೆ ಹಳೆಯ ಕೇಬಲ್ಲನ್ನು ತೋರಿಸಿ, ಅಂಥದ್ದೇ ಎರಡು ತಂದರು. ಸಾಯಂಕಾಲ ನಾನು ಹೋಟೆಲಿಗೆ ಹೋದಾಗ ಎರಡೂ ಮೇಜಿನ ಮೇಲಿದ್ದವು. ಎರಡನ್ನೂ ಹಾಕಿ ನೋಡಿ ಆಗಿತ್ತು. ಹೆಸರು ಬರುತ್ತಿತ್ತು. ಆಮೇಲೆ ಖಾಲಿ.

“ಸಾಂಬಾರಿನ ಹಬೆ ಹೋಗಿರ್ಬೇಕು ಒಳಗೆ,” ಎಂದರು ಅಪ್ಪ. “ನಾನು ಹೇಳ್ಲಿಲ್ವಾ, ಹೋಟೆಲಲ್ಲಿ ಇಟ್ಕೊಂಡು ಕೂರಬೇಡ ಅಂತ.”

“ಪಪ್ಪಾ, ಹಬೆಯಿಂದ ಆಗೋದಾದ್ರೆ ನಾನೂ ಖಾಲಿ ಆಗಿರ್ತಿದ್ದೆ ಇಷ್ಟೊತ್ತಿಗೆ.”

“ತಮಾಷೆ ಮಾಡು. ಸೋಮವಾರ ಏನು ಮಾಡ್ತಿ?”

ಅವಳು ಪಟ್ಟಿಯ ಮೇಲೆ ಬೆರಳಾಡಿಸುವ ಸಣ್ಣ ಸದ್ದು ಕೇಳುತ್ತಿತ್ತು, ಏನೂ ಇಲ್ಲದ ಮೇಲ್ಮೈಯಲ್ಲಿ. ರೋಹಿಣಿಯಲ್ಲಿ ಮೊಬೈಲ್ ರಿಪೇರಿಯವನೊಬ್ಬ ಭಾನುವಾರವೂ ಬಾಗಿಲು ತೆರೆಯುತ್ತಾನೆ, ಹನ್ನೊಂದಕ್ಕೆ ತಂದರೆ ಬಿಚ್ಚಿ ನೋಡುತ್ತೇನೆ ಎಂದಿದ್ದಾನೆ, ಎಂದರು ಅಪ್ಪ. ಇಂಥ ಪಟ್ಟಿಯನ್ನು ಅವನು ಹಿಂದೆ ಬಿಚ್ಚಿದ್ದಾನೆಯೇ ಎಂದು ಕೇಳಿದೆ. “ಎಲ್ಲಾ ಮಷೀನೂ ಮಷೀನೇ ಭಯ್ಯಾ, ಅಂದ,” ಎಂದರು. ಒಂದೊಂದು ಅಕ್ಷರಕ್ಕೆ ಎಂಟು ಸೂಜಿ, ನಲವತ್ತು ಅಕ್ಷರ. ಒಮ್ಮೆ ಚೆಲ್ಲಿದರೆ ಮುಗಿಯಿತು. ಬೇಡ ಎನ್ನಬೇಕಿತ್ತು. ಎಂದೆನೋ ಇಲ್ಲವೋ ಗೊತ್ತಿಲ್ಲ. ಅಂದಿದ್ದರೆ ಮೆಲ್ಲಗೆ ಅಂದಿರಬೇಕು, ಏಕೆಂದರೆ ಯಾರೂ ಕೇಳಿಸಿಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ಕೂತಲ್ಲಿ ಕೂರಲಾಗಲಿಲ್ಲ. ಚಹಾ ಮಾಡಿದೆ, ಕುಡಿಯಲಿಲ್ಲ. ಬಾಲ್ಕನಿಗೆ ಹೋದೆ, ಒಳಗೆ ಬಂದೆ, ಕೆಳಗೆ ತರಕಾರಿಯವನ ಜೊತೆ ಯಾರೋ ಜಗಳವಾಡುವುದನ್ನು ಕೇಳಿದೆ, ಮತ್ತೆ ಒಳಗೆ ಬಂದೆ. ಎಂಟೂವರೆಗೆ ಲ್ಯಾಪ್‌ಟಾಪ್ ತೆಗೆದೆ. ಓದುವ ವೇಗವನ್ನು ಅರ್ಧಕ್ಕೆ ಇಳಿಸಿದೆ. ಎಚ್ ಕೀಯಿಂದ ಬೆರಳು ತೆಗೆದು ಪುಟದ ನೆತ್ತಿಗೆ ಹೋದೆ. ಕೆಳಬಾಣ. ಆವೃತ್ತಿಯ ಹೆಸರು, ಅದು ಮೊದಲ ಶೀರ್ಷಿಕೆ. ಕೆಳಬಾಣ.

ಅಲ್ಲಿ ಒಂದು ಪ್ಯಾರಾ ಇತ್ತು.

ಶೀರ್ಷಿಕೆ ಇಲ್ಲದ ಪ್ಯಾರಾ. ಆವೃತ್ತಿಯ ಹೆಸರಿಗೂ ‘ಹೊಸ ಸೌಲಭ್ಯಗಳು’ ಎಂಬುದಕ್ಕೂ ನಡುವೆ, ಮುನ್ನುಡಿಯ ಹಾಗೆ. ಆವೃತ್ತಿಯ ಹೆಸರಿನ ಮೇಲೆ ನಿಂತು ಎಚ್ ಒತ್ತಿದವನು ಅದರ ಮೇಲಿಂದ ಹಾರಿ ಸೀದಾ ‘ಹೊಸ ಸೌಲಭ್ಯಗಳು’ ಮೇಲೆ ಇಳಿಯುತ್ತಾನೆ. ಕಾಣುವವರು ಅದನ್ನೇ ಮೊದಲು ಓದುತ್ತಾರೆ, ಕಣ್ಣಿಗೆ ಮೊದಲು ಬೀಳುವುದು ಅದೇ. ಅದನ್ನು ತಪ್ಪಿಸಿಕೊಳ್ಳಲು ನನ್ನಂಥವನೇ ಬೇಕು, ಅದೂ ಈ ಹಾರುವುದರಲ್ಲಿ ಪಳಗಿದವನು. ಆ ಪುಟವನ್ನು ಬರೆದವರೂ ನಮ್ಮಂಥವರಿಗಾಗಿಯೇ ಬರೆದವರು ಎನ್ನುವುದು ನೆನಪಾಗಿ ಸಿಟ್ಟು ಬಂತು. ಒಂದು ನಿಮಿಷ ಆ ಸಿಟ್ಟಿನಲ್ಲಿ ಹಾಯಾಗಿದ್ದೆ. ಆಮೇಲೆ ಆ ಹಾಯಿ ಉಳಿಯಲಿಲ್ಲ.

ಪ್ಯಾರಾದ ಮೂರನೆಯ ವಾಕ್ಯ ಹೀಗಿತ್ತು, ಕನ್ನಡದಲ್ಲಿ ಹೇಳುವುದಾದರೆ: ಕೆಲವು ಹಳೆಯ ಬ್ರೈಲ್ ಡಿಸ್‌ಪ್ಲೇಗಳು ಸಂಪರ್ಕಕ್ಕೆ ಬಳಸುವ ಚಿಪ್ ಬೇರೆ ಹಲವು ಸಾಧನಗಳಲ್ಲೂ ಇರುವುದರಿಂದ, ಆ ಸಾಧನಗಳನ್ನೇ ಬ್ರೈಲ್ ಡಿಸ್‌ಪ್ಲೇ ಎಂದು ತಪ್ಪಾಗಿ ತಿಳಿಯುವ ತೊಂದರೆ ಇತ್ತು, ಆದ್ದರಿಂದ ಈ ಆವೃತ್ತಿಯಿಂದ ಅಂಥ ಡಿಸ್‌ಪ್ಲೇಗಳನ್ನು ತಂತ್ರಾಂಶ ತಾನಾಗಿ ಹುಡುಕುವುದಿಲ್ಲ, ಬಳಸುವವರು ಸೆಟ್ಟಿಂಗಿನಲ್ಲಿ ತಮ್ಮ ಡಿಸ್‌ಪ್ಲೇಯನ್ನು ತಾವೇ ಆರಿಸಬೇಕು. ಕೆಳಗೆ ಐದು ಹೆಸರುಗಳು. ನಾಲ್ಕನೆಯದು ಅವಳದು.

ಅವಳ ಸೆಟ್ಟಿಂಗಿನಲ್ಲಿ ‘ತಾನಾಗಿ ಹುಡುಕು’ ಎಂದೇ ಇತ್ತು. ಹಾಗೆ ಇಟ್ಟುಕೊಟ್ಟವನೂ ನಾನೇ, ಎರಡು ವರ್ಷದ ಹಿಂದೆ.

ನನ್ನ ನೆನಪು ಇಲ್ಲಿ ಮತ್ತೆ ಚುರುಕಾಗುತ್ತದೆ: ಕೂಡಲೇ ಫೋನ್ ತೆಗೆದೆ, ಎಲ್ಲ ಹೇಳಿದೆ. ಸಂದೇಶದ ಮೇಲಿರುವ ಸಮಯ ಹತ್ತು ಗಂಟೆ ನಲವತ್ತು ನಿಮಿಷ. ಪ್ಯಾರಾ ಸಿಕ್ಕಿದ್ದು ಒಂಬತ್ತಕ್ಕೆ ಮುಂಚೆ. ನಡುವಿನ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದೆ? ಸ್ನಾನ ಎನ್ನಬಹುದು. ತಿಂಡಿ ಎನ್ನಬಹುದು. ನಿಜವಾಗಿ, ಒಪ್ಪಿಕೊಳ್ಳದೆ ಸರಿಮಾಡುವ ದಾರಿ ಹುಡುಕುತ್ತಿದ್ದೆ. ಹತ್ತು ನಲವತ್ತರ ಆ ಸಂದೇಶವೂ ಅದನ್ನೇ ಹೇಳುತ್ತದೆ: “ಒಂದು ಸಲ ಬ್ರೈಲ್ ಸೆಟ್ಟಿಂಗ್ ತೆಗೆದು, ಪಟ್ಟಿಯ ಹೆಸರು ನೀನೇ ಆರಿಸಿ ನೋಡು. ಸುಮ್ನೆ, ನೋಡೋಣ ಅಂತ.”

ಅವಳು ಸಂದೇಶ ಕಳಿಸಲಿಲ್ಲ, ಫೋನ್ ಮಾಡಿದಳು.

“ಸುಮ್ನೆ ಯಾಕೆ ಅಂಕಲ್? ನಿಮಗೆ ಏನೋ ಸಿಕ್ಕಿದೆ.”

ಹೇಳಿದೆ. ಪ್ಯಾರಾವನ್ನು ಓದಿಯೂ ಹೇಳಿದೆ.

“ಇದು ಶುಕ್ರವಾರವೂ ಅಲ್ಲೇ ಇತ್ತಾ?”

“ಇತ್ತು.”

“ನಿನ್ನೆ, ಓದಿದ್ದೀನಿ ಅಂದ್ರಿ.”

“ಅಂದೆ.”

“ಪಪ್ಪಾ ತಗೊಂಡು ಹೊರಟಾಯ್ತು. ಈ-ರಿಕ್ಷಾದಲ್ಲಿ. ಕಾಲು ಗಂಟೆ ಆಯ್ತು.” ಆಮೇಲೆ ಹಿಂದಿಯಲ್ಲಿ ಏನೋ ಹೇಳಿದಳು, ನನಗಲ್ಲ, ನನ್ನ ಬಗ್ಗೆ. ಬರೆಯುವಂಥದ್ದಲ್ಲ. ಫೋನ್ ಇಟ್ಟಳು.

ಅವರ ಫೋನಿಗೆ ಅವಳು ಮಾಡಿದಳು, ನಾನು ಮಾಡಿದೆ, ಅವಳ ಅಮ್ಮ ಮಾಡಿದರು. ರಿಂಗಾಗುತ್ತಿತ್ತು. ಹತ್ತು ಐವತ್ತು. ಭಾನುವಾರದ ರಸ್ತೆಯ ಹಾರ್ನುಗಳ ನಡುವೆ ಷರಟಿನ ಜೇಬಿನ ಫೋನು ಯಾರಿಗೆ ಕೇಳುತ್ತದೆ. ನಾನು ಕೋಲು ಹಿಡಿದು ಕೆಳಗಿಳಿದೆ. ಎಲ್ಲಿಗೆ ಹೋಗುವುದು? ಅಂಗಡಿ ಯಾವ ಸೆಕ್ಟರಿನಲ್ಲಿ ಎಂದೂ ಕೇಳಿರಲಿಲ್ಲ. ಗೇಟಿನವರೆಗೆ ಹೋಗಿ ನಿಂತೆ. ಹನ್ನೊಂದು ಐದು. ಹನ್ನೊಂದು ಹತ್ತು. ಮತ್ತೆ ಮಾಡಿದೆ, ತೆಗೆದರು.

“ಏನು ಮಾರಾಯ್ರೇ, ಮೂರು ಜನ ಸೇರಿ ಹನ್ನೆರಡು ಸಲ! ಯಾರಿಗೆ ಏನಾಯ್ತು?”

“ಬಿಚ್ಚಿಸಬೇಡಿ. ಪಟ್ಟಿ ಸರಿ ಇದೆ. ತಪ್ಪು ನನ್ನದು. ಬಿಚ್ಚಿಸಬೇಡಿ.”

“ಎರಡು ಸ್ಕ್ರೂ ತೆಗ್ದಾಯ್ತಲ್ಲ.” ಆಮೇಲೆ ಫೋನಿನಿಂದ ಬಾಯಿ ಸರಿಸಿ: “ಭಯ್ಯಾ, ರುಕೋ, ರುಕೋ! ಹಾತ್ ಮತ್ ಲಗಾನಾ!”

ಅವರು ತಿರುಗಿ ಬರುವ ಹೊತ್ತಿಗೆ ನಾನು ಹೋಟೆಲಿನಲ್ಲಿದ್ದೆ. ಎರಡು ಸ್ಕ್ರೂಗಳನ್ನು ರಿಪೇರಿಯವನು ಮತ್ತೆ ಹಾಕಿದ್ದ, ಒಂದನ್ನು ಸ್ವಲ್ಪ ವಾರೆಯಾಗಿ. ಮಗಳು ಕೇಬಲ್ ಸಿಕ್ಕಿಸಿದಳು. ಸೆಟ್ಟಿಂಗ್, ಬ್ರೈಲ್, ಡಿಸ್‌ಪ್ಲೇ ಬದಲಿಸು. ಹೆಸರುಗಳ ಸಾಲಿನಲ್ಲಿ ಇಳಿಯುತ್ತ ತನ್ನದರ ಹೆಸರಿಗೆ ಬಂದು ನಿಂತು ಎಂಟರ್ ಒತ್ತಿದಳು. ನೂರಾರು ಸಣ್ಣ ಸೂಜಿಗಳು ಒಟ್ಟಿಗೆ ಏಳುವ ಒಂದು ಸದ್ದಿದೆ, ಒಣ ಎಲೆಯ ಮೇಲೆ ಯಾರೋ ಕೈಯಿಟ್ಟ ಹಾಗೆ. ಅವಳ ಅಪ್ಪನಿಗೆ ಅದು ಕೇಳಿಸಿರಲಿಕ್ಕಿಲ್ಲ. ಅವರು, “ಬಂತಾ? ಬಂತಾ?” ಎಂದು ಕೇಳುತ್ತಲೇ ಇದ್ದರು.

“ಬಂತು ಪಪ್ಪಾ.”

“ಹಳೆಯ ಆವೃತ್ತಿಗೇ ಹೋಗಿಬಿಡು,” ಎಂದೆ ನಾನು. “ಅದನ್ನೇ ಮೇಲೆ ಹಾಕಿದರೆ ಆಯ್ತು. ನಾಳೆ ಪರೀಕ್ಷೆ ಇಟ್ಟುಕೊಂಡು ಯಾಕೆ ಅಪಾಯ.”

“ಹೋದ್ರೆ ಫಿಲ್ಟರ್ ಕೆಡುತ್ತೆ. ನೂರು ಸಾಲು ಓದುತ್ತೆ. ಅದು ಅಪಾಯ ಅಲ್ವಾ?” ದನಿಯಲ್ಲಿ ಸಿಟ್ಟು ಇನ್ನೂ ಇತ್ತು, ಆದರೆ ಅದು ಈಗ ಕೆಲಸಕ್ಕೆ ತೊಡಗಿತ್ತು. “ನೀವು ಹೇಳೋದು ಬೇಡ. ನಾನು ಓದ್ತೀನಿ. ಪೂರಾ. ನೀವು ಕೂತ್ಕೊಳ್ಳಿ.”

ಓದಿದಳು. ಕಿವಿಯಿಂದಲ್ಲ, ಬೆರಳಿನಿಂದ, ನಲವತ್ತು ನಲವತ್ತು ಅಕ್ಷರವಾಗಿ, ಪುಟದ ನೆತ್ತಿಯಿಂದ ಶುರುಮಾಡಿ. ಒಂದೊಂದು ಅಂಶ ಮುಗಿದಾಗಲೂ ಗಟ್ಟಿಯಾಗಿ: “ನನಗಲ್ಲ. ನನಗಲ್ಲ. ಇದು ನನಗೆ. ನನಗಲ್ಲ. ಇದು, ಅಚ್ಛಾ, ಇದು ಪಪ್ಪಾಗೂ ಅಲ್ಲ ದೇವರಿಗೂ ಅಲ್ಲ.” ಅಪ್ಪ ಮಧ್ಯೆ ದೋಸೆ ತಂದಿಟ್ಟರು, ಅದು ತಣ್ಣಗಾಯಿತು. ಒಂದು ಗಂಟೆಗೂ ಮಿಕ್ಕಿ ಹಿಡಿಯಿತು. ಡೆವಲಪರ್‌ಗಳ ಭಾಗವನ್ನೂ ಬಿಡಲಿಲ್ಲ. ಅದು ಬೇಕಾಗಿಲ್ಲ ಎಂದು ಹೇಳಲು ಬಾಯಿ ತೆರೆದೆ, ಮುಚ್ಚಿದೆ. ಅದರಲ್ಲಿ ನಿಜಕ್ಕೂ ಅವಳಿಗೆ ಏನೂ ಇರಲಿಲ್ಲ, ಅಷ್ಟರಮಟ್ಟಿಗೆ ನಾನು ಸರಿ. ‘ಬದಲಾವಣೆಗಳು’ ಎಂಬಲ್ಲಿ ಮಾತ್ರ ಒಂದು ಸಿಕ್ಕಿತು: ಸ್ಪ್ರೆಡ್‌ಶೀಟಿನ ಕಾಲಂನ ಶೀರ್ಷಿಕೆಯನ್ನು ಪ್ರತಿ ಚೌಕದಲ್ಲೂ ಮತ್ತೆ ಮತ್ತೆ ಬ್ರೈಲಿನಲ್ಲಿ ತೋರಿಸದಂತೆ ಮಾಡುವ ಆಯ್ಕೆ. ಶುಕ್ರವಾರ ನಾನು ಒಳ್ಳೆಯದು ಎಂದಿದ್ದ ಎರಡು ಬ್ರೈಲ್ ಸಾಲುಗಳಲ್ಲಿ ಒಂದು. ಒಳ್ಳೆಯದು ಎಂದು ಬಿಟ್ಟಿದ್ದೆ, ಯಾರಿಗೆ, ಯಾಕೆ ಎಂದು ಯೋಚಿಸಿರಲಿಲ್ಲ. ಅವಳಿಗೆ ಅದು ಒಂದೊಂದು ಸಾಲಿಗೂ ಏಳೆಂಟು ಅಕ್ಷರದ ಜಾಗ. ಕೋಡು ಪೂರ್ತಿ ಬೆರಳಿನ ಕೆಳಗೇ ಬರುತ್ತದೆ, ಪಟ್ಟಿಯನ್ನು ಮುಂದಕ್ಕೆ ಸರಿಸಬೇಕಿಲ್ಲ. ಆರಿಸಿಕೊಂಡಳು. ಹೊಸ ಆವೃತ್ತಿಯನ್ನೇ ಇಟ್ಟುಕೊಂಡಳು. ಮೂರು ಸಲ ಕಂಪ್ಯೂಟರನ್ನು ಮುಚ್ಚಿ ತೆರೆದು ಪಟ್ಟಿ ಮೂರು ಸಲವೂ ಎದ್ದಿತೆಂದು ನೋಡಿದಳು.

ಸಾಯಂಕಾಲ ಗುಂಪಿಗೆ ಸಂದೇಶ ಹಾಕಿದವಳು ಅವಳು. ನಾನು ಹಾಕುತ್ತೇನೆ ಎಂದಿದ್ದೆ. “ನೀವು ಬೇಡ, ನೀವು ಚಿಕ್ಕದು ಮಾಡ್ತೀರಿ,” ಎಂದಳು. ಒಂಬತ್ತು ನಿಮಿಷದ ಸಂದೇಶ. ಬೇಕು, ಬೇಡ, ಕಾಯಿರಿ ಯಾವುದೂ ಅದರಲ್ಲಿ ಇಲ್ಲ. ಹಳೆಯ ಬ್ರೈಲ್ ಪಟ್ಟಿ ಇರುವವರು ಇದನ್ನು ಮಾಡಿ, ಸ್ಪ್ರೆಡ್‌ಶೀಟಿನಲ್ಲಿ ಫಿಲ್ಟರ್ ಬಳಸುವವರು ಇದನ್ನು, ಬರೀ ಮಾತು ಕೇಳುವವರಿಗೆ ಇದರಲ್ಲಿ ಇಷ್ಟೇ. ನನ್ನ ತಪ್ಪನ್ನೂ ಹೇಳಿದ್ದಳು, ಎರಡೇ ವಾಕ್ಯದಲ್ಲಿ, ಎಲ್ಲಿ ಹಾರಿದ್ದೆಂದು. ಹೌಜ್ ಖಾಸಿನ ಒಬ್ಬರು, “ಅರೇ, ಮೈ ಭೀ ತೋ ಐಸೇ ಹೀ ಪಢ್ತಾ ಹೂಂ,” ಎಂದು ಉತ್ತರ ಹಾಕಿದರು. ಅವರೂ ನನ್ನ ಹಾಗೇ ಓದುತ್ತಾರೆ ಎನ್ನುವುದರಿಂದ ನನಗೆ ಸಮಾಧಾನ ಆಗಬೇಕಿತ್ತು.

ಸೋಮವಾರ ರಜೆ ಹಾಕಿದ್ದೆ ಎಂದು ನನ್ನ ನೆನಪು. ಆಫೀಸಿನ ದಾಖಲೆಯಲ್ಲಿ ರಜೆ ಇಲ್ಲ. ಹಾಗಾದರೆ ಕೆಲಸ ಮಾಡುತ್ತಲೇ ಕಾಯುತ್ತಿದ್ದೆ ಎಂದಾಯಿತು. ಹನ್ನೆರಡೂವರೆಗೆ ಅವಳ ಫೋನು, ಹಿಂದೆ ಲಿಫ್ಟಿನ ಗಂಟೆ.

“ಆಯ್ತು ಅಂಕಲ್. ಎಂಬತ್ತೈದು ಸಾಲು. ಎರಡು ತಪ್ಪು ಆಗಿದೆ ಅಂದ್ರು.”

“ಪಟ್ಟಿ?”

“ಪಟ್ಟಿ ಸರಿ ಇತ್ತು. ಎರಡೂ ನಾನೇ ಮಾಡಿದ್ದು. ಕೊನೇಗೆ ಬೆರಳು ಜೋಮು ಹಿಡೀತು, ಗಡಿಬಿಡಿಯಲ್ಲಿ ಕಿವೀಲಿ ಕೇಳಿ ಒತ್ತಿದೆ.”

ಗುರುವಾರ ಅವಳಿಗೆ ಕೆಲಸದ ಪತ್ರ ಬಂತು. ಅದನ್ನು ನನಗೆ ಫೋನಿನಲ್ಲಿ ಓದಿ ಹೇಳಿದವರು ಅವಳ ಅಪ್ಪ, ಕೌಂಟರಿನಲ್ಲಿ ನಿಂತು, ಇಂಗ್ಲಿಷನ್ನು ಎಡವುತ್ತ, ಗಿರಾಕಿಯೊಬ್ಬ ಬಿಲ್ಲಿಗಾಗಿ ಕರೆಯುತ್ತಿದ್ದರೂ ನಿಲ್ಲಿಸದೆ. ನಡುವೆ ಅವಳ ದನಿ ಕೇಳಿಸಿತು: “ಪಪ್ಪಾ, ಅದೆಲ್ಲ ಬಿಡಿ, ಯಾವತ್ತಿಂದ ಬರಬೇಕು ಅಂತ ಇದೆ, ಅದನ್ನು ಓದಿ.” ಅವರು ಬಿಡಲಿಲ್ಲ. ಒಂದನೇ ತಾರೀಖು ಎಂಬಲ್ಲಿಗೆ ಬರುವಾಗ ಗಿರಾಕಿಯ ದನಿಯೂ ಎದ್ದು ಕೌಂಟರಿಗೇ ಬಂದಿತ್ತು.